ಕಾಗದ ಓದಲು ಹೋದ ದಾರಿ

ಹಡಗಲಿಯ ಬಸ್ ನಿಲ್ದಾಣದಲ್ಲಿ ಎರಡು ಮಾರು ಮಲ್ಲಿಗೆ ಕೊಂಡು, ಒದ್ದೆ ಬಾಳೆಎಲೆಯಲ್ಲಿ ಸುತ್ತಿಸಿಕೊಂಡು ಬಸ್ಸು ಹತ್ತಿದೆ. ಹೂವು ಅವ್ವನಿಗೆ. ಹಿಂದಿನ ರಾತ್ರಿ ಅಪ್ಪನ ಫೋನು ಬಂದಿತ್ತು: ‘ಹುಡುಗನ ಕಾಗದ ಬಂದೈತಿ. ನನಗ ಕಣ್ಣು ಹತ್ತವಲ್ಲವು. ಬಂದು ಓದಿ ಹೋಗು.’ ನಾನು ಹೇಳಿದ್ದೊಂದೂ ಅವರಿಗೆ ಕೇಳಿಸಲಿಲ್ಲ.

ಹುಡುಗ ನನ್ನ ಅಕ್ಕನ ಮಗ. ಹುಟ್ಟಿದ್ದು ಹರಪನಹಳ್ಳಿಯಲ್ಲಿ. ಬೆಳೆದದ್ದು ಕೂಡ್ಲಿಗಿ ಹತ್ತಿರದ ನಮ್ಮೂರಲ್ಲಿ, ಅಜ್ಜ ಅಜ್ಜಿಯ ಮಗ್ಗುಲಲ್ಲಿ. ಈಗ ಜರ್ಮನಿಯಲ್ಲಿ ಓದುತ್ತಿದ್ದಾನೆ. ಎಂಟು ತಿಂಗಳಿಂದ ಅವನ ಸುದ್ದಿಯೇ ಇರಲಿಲ್ಲ. ಅವನ ಅಮ್ಮನಿಗೆ ಮಾತ್ರ ಆಗೊಮ್ಮೆ ಈಗೊಮ್ಮೆ ‘ಚೆನ್ನಾಗಿದ್ದೇನೆ’ ಎಂಬ ಒಂದು ಸಾಲು.

ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿದೆ. ಕೊಟ್ಟೂರಿನಲ್ಲಿ ಇಳಿದು, ಕೊಟ್ಟೂರೇಶ್ವರನಿಗೆ ಹೊರಗಿಂದಲೇ ಕೈಮುಗಿದು, ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡೆ. ಹುಡುಗ ಹೈಸ್ಕೂಲು ಓದಿದ್ದು ಈ ಊರಲ್ಲೇ. ಮುಂದೆ ಕೂಡ್ಲಿಗಿವರೆಗೂ ಕೆಂಪು ಹೊಲ, ಶೇಂಗಾ, ನಡುನಡುವೆ ಹುಣಸೆಮರ. ನನ್ನ ತಲೆಯಲ್ಲಿ ಇದ್ದದ್ದು ಆ ಕಾಗದವೊಂದೇ. ಕೆಟ್ಟ ಸುದ್ದಿಯಾಗಿದ್ದರೆ ಜೋರಾಗಿ ಹೇಗೆ ಓದಲಿ?

ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ಲಕೋಟೆ ಇನ್ನೂ ಒಡೆದಿರಲಿಲ್ಲ. ಜರ್ಮನಿಯ ಮುದ್ರೆಯ ತಾರೀಖಿನಿಂದ ಲೆಕ್ಕ ಹಾಕಿದರೆ ಅದು ಇಪ್ಪತ್ತೆರಡು ದಿನ ಹಾದಿ ಸವೆಸಿತ್ತು. ಹುಡುಗ ವಿಳಾಸದಲ್ಲಿ ‘ಬಳ್ಳಾರಿ ಜಿಲ್ಲೆ’ ಎಂದೇ ಬರೆದಿದ್ದ. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು ಎಂಬುದು ಅವನಿಗೆ ಗೊತ್ತು, ಕೈಗೆ ಮಾತ್ರ ಹಳೆಯ ರೂಢಿ. ಅವನು ಹುಟ್ಟಿದ ಹರಪನಹಳ್ಳಿಯದಂತೂ ಇನ್ನೂ ಗೋಜಲು: 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಮತ್ತೆ ವಿಜಯನಗರಕ್ಕೆ ಸೇರಿತು. ಆದರೆ ಕೊನೆಯಲ್ಲಿ 583135 ಎಂಬ ಪಿನ್ ಕೋಡ್ ಸರಿಯಾಗಿತ್ತು. ಮೊದಲ ಮೂರು ಅಂಕಿ ಬಳ್ಳಾರಿ ಸೀಮೆಯ ಟಪಾಲು ವಿಂಗಡಣೆಯವು, ಉಳಿದ ಮೂರು ಕೂಡ್ಲಿಗಿ ಅಂಚೆ ಕಚೇರಿಯವು. ಜಿಲ್ಲೆಯ ಹೆಸರು ಬದಲಾದರೂ ಆ ಅಂಕಿ ಬದಲಾಗಿಲ್ಲ. ಕಾಗದ ಮನೆ ಮುಟ್ಟಿದ್ದು ಅದರಿಂದ.

ಲಕೋಟೆ ಒಡೆದೆ. ಮೇಲ್ಗಡೆ ‘ಶ್ರೀ’, ಬಲಕ್ಕೆ ‘ಕ್ಷೇಮ’, ಊರು, ತಾರೀಖು. ಆಮೇಲೆ: ತೀರ್ಥರೂಪು ಅಜ್ಜನವರಿಗೆ, ಮಾತೃಶ್ರೀ ಅಜ್ಜಿಯವರಿಗೆ ಮೊಮ್ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು, ಉಭಯ ಕುಶಲೋಪರಿ.

‘ಮತ್ತೊಮ್ಮೆ ಓದು’ ಎಂದರು ಅಪ್ಪ. ಕಿವಿಯ ಹತ್ತಿರ ಬಾಯಿಟ್ಟು ಓದಿದೆ. ಹಿರಿಯ ಗಂಡಸರಿಗೆ ತೀರ್ಥರೂಪು, ಹೆಂಗಸರಿಗೆ ಮಾತೃಶ್ರೀ, ಸರೀಕರಿಗೆ ರಾಜಶ್ರೀ, ಕಿರಿಯರಿಗೆ ಚಿರಂಜೀವಿ ಎಂದು ಅವನಿಗೆ ಸ್ಲೇಟಿನ ಮೇಲೆ ಬರೆಸಿ ಕಲಿಸಿದವರು ಅವರೇ. ಅವ್ವ ಕೇಳಿದಳು: ‘ನನ್ನ ಹೆಸರು ಬ್ಯಾರೆ ಐತೇನು?’ ಐತಿ ಎಂದೆ. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸುಮ್ಮನಿದ್ದ ಕಾರಣ ಎರಡನೇ ಪುಟದಲ್ಲಿತ್ತು. ಒಂದು ವಿಷಯದಲ್ಲಿ ಅವನು ಎರಡು ಸಲ ಬಿದ್ದಿದ್ದ. ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಮೂರನೇ ಸಲವೂ ಬಿದ್ದರೆ ಆ ಕೋರ್ಸಿನಿಂದಲೇ ಹೊರಗೆ. ಅವನದೂ ಅಂಥದ್ದೇ. ವೀಸಾಕ್ಕೆ ವರ್ಷದ ಖರ್ಚು 11,904 ಯೂರೋವನ್ನು ಖಾತೆಯಲ್ಲಿಟ್ಟು ತೋರಿಸಲು ಅಜ್ಜ ಎರಡು ಎಕರೆ ಮಾರಿದ್ದರು. ‘ಫೋನು ಮಾಡಿದರೆ ದನಿಯಲ್ಲೇ ಸಿಕ್ಕಿಬೀಳುತ್ತಿದ್ದೆ, ಅದಕ್ಕೆ ಮಾಡಲಿಲ್ಲ. ಈಗ ಪಾಸಾಗಿದ್ದೇನೆ. ಅಜ್ಜನಿಗೆ ಫೋನು ಕೇಳಿಸುವುದಿಲ್ಲ, ಅದಕ್ಕೆ ಕಾಗದ. ತಪ್ಪಾಯಿತು’ ಎಂದು ಬರೆದಿದ್ದ. ಕೊನೆಯಲ್ಲಿ ಒಂದು ಪ್ರಶ್ನೆ: ಕರಿ ಆಕಳು ಈಯಿತೇ?

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹೊಲ ಹೋದರ ಹೋಗ್ಲಿ. ಬಿದ್ದೆ ಅಂತ ಅವತ್ತೇ ಹೇಳಬೇಕಿತ್ತು. ಬರ್ಕೊ’ ಎಂದರು. ನಾನು ಬರೆದುಕೊಂಡೆ: ಚಿರಂಜೀವಿಗೆ ಅಜ್ಜ ಅಜ್ಜಿಯ ಆಶೀರ್ವಾದಗಳು, ಇತ್ತ ಎಲ್ಲರೂ ಕ್ಷೇಮ, ಆಕಳು ಹೆಣ್ಣುಕರು ಹಾಕಿದೆ, ನೀನು ಬಿದ್ದ ಸುದ್ದಿಯನ್ನೂ ಬರೆ, ನಾವು ಓದಿಸಿಕೊಳ್ಳುತ್ತೇವೆ. ಅವ್ವ ಮಲ್ಲಿಗೆಯ ನಾಲ್ಕು ಮೊಗ್ಗು ಕೊಟ್ಟಳು. ಹಾದಿಯಲ್ಲಿ ಕೊಳೆತು ಅಕ್ಷರ ಕೆಡಿಸುತ್ತವೆ ಎಂದರೆ ಕೇಳಲಿಲ್ಲ. ಕಾಗದದ ನಡುವೆ ಒತ್ತಿ, ಬಿಸಿಲಿಗಿಟ್ಟು, ಪೂರಾ ಒಣಗಿದ ಮೇಲೆ ಮಡಚಿದೆ.

ಎರಡು ದಿನ ಅಲ್ಲೇ ಉಳಿದೆ. ಸೋಮವಾರ ಬೆಳಿಗ್ಗೆ ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮವಿರುವ ಸ್ಮಾರಕವನ್ನು ನೋಡಿ, ಅಂಚೆ ಕಚೇರಿಗೆ ಹೋದೆ. ಗುಮಾಸ್ತರು ಲಕೋಟೆ ತೂಗಿ, ಅಂಚೆಚೀಟಿ ಹಚ್ಚಿಸಿ, ಮುದ್ರೆ ಒತ್ತಿದರು. ಕಳಿಸಿದವರ ವಿಳಾಸದಲ್ಲಿ ಅಪ್ಪ ಹೇಳಿದಂತೆ ‘ವಿಜಯನಗರ ಜಿಲ್ಲೆ, 583135’ ಎಂದು ಬರೆದಿದ್ದೆ.