ಹೆಬ್ಬೆಟ್ಟಿನ ಕಾಗದ

ಜಡಿಮಳೆ ಹಿಡಿದು ಒಲೆ ಮುಂದೆ ಕೂತಾಗಲೆಲ್ಲ ನನಗೆ ಆ ಜಗಲಿ ಕಣ್ಣ ಮುಂದೆ ಬರುತ್ತದೆ. 2019ರ ಮಳೆಗಾಲ. ಇಂಟರ್ನ್‌ಶಿಪ್‌ಗೆಂದು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಹೆಂಗಸರ ಸಾಲಗಳ ಸಮೀಕ್ಷೆ ಮಾಡುತ್ತಿದ್ದೆ.

ಒಂದು ಮನೆಯ ಜಗಲಿಯಲ್ಲಿ ಮಾತಿಗೆ ಕೂತ ತಾಯಿಗೆ ಓದು ಬರುತ್ತಿರಲಿಲ್ಲ. ಒಪ್ಪಿಗೆ ಪತ್ರ ಓದಿ ಹೇಳಿ, ಶಾಯಿಡಬ್ಬಿ ತೆಗೆದೆ. ಆಕೆ ಕೈ ಹಿಂದಕ್ಕೆ ಎಳೆದುಕೊಂಡರು. "ಇದ್ಯಾವ ಸಂಘದ ಸಾಲ ಕಣವ್ವ?"

ಹೆಬ್ಬೆಟ್ಟು ಒತ್ತಿದರೆ ಒಂದೋ ಹಣ ಬರುತ್ತದೆ, ಇಲ್ಲವೇ ಹೊಲ ಹೋಗುತ್ತದೆ. ಆಕೆ ಕಂಡಿದ್ದು ಅಷ್ಟೇ. ನಾನು ಓದಿದ್ದು ಕಿವಿಗೆ ಬಿದ್ದಿತ್ತು, ಅರ್ಥವಾಗಿರಲಿಲ್ಲ. ಹಾಳೆ ಮಡಚಿಟ್ಟು ಮೊದಲಿಂದ ಹೇಳಿದೆ: ಇದರಿಂದ ಸಾಲ ಬರಲ್ಲ, ಇರುವ ಸಾಲ ಮನ್ನಾನೂ ಆಗಲ್ಲ, ಬೇಡ ಅನ್ನಿಸಿದರೆ ಮಧ್ಯದಲ್ಲೇ ಎದ್ದು ಹೋಗಬಹುದು. ಆಮೇಲೆ "ಈಗ ನೀವು ಹೇಳಿ, ನಾನು ಯಾಕೆ ಬಂದಿದ್ದೀನಿ?" ಎಂದು ಕೇಳಿದೆ. ಸರಿಯಾಗಿ ಹೇಳಿದರು.

ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಓದಬಲ್ಲ, ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕೆಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಸಾಕ್ಷಿಗೆ ಆಕೆಯ ಮೈದುನ ತಾನೇ ಮುಂದೆ ಬಂದ. ಬೇಡವೆಂದು ಅಂಗನವಾಡಿ ಟೀಚರನ್ನು ಕರೆದೆ. ಅವರು ಸಹಿ ಹಾಕಿ ಹೋದ ಮೇಲೆಯೇ ಪ್ರಶ್ನೆ ಶುರುಮಾಡಿದೆ. ಮನೆಯವರಿಗೆ ಗೊತ್ತಿಲ್ಲದ ಒಂದು ಸಾಲದ ಮಾತು ಆಗ ಬಂತು.

ಹತ್ತು ದಿನಕ್ಕೆ ಆಕೆಯಿಂದ ಫೋನು. ನಾನು ಕೊಟ್ಟಿದ್ದ ಒಪ್ಪಿಗೆ ಪತ್ರದ ಪ್ರತಿಯಲ್ಲಿದ್ದ ನಂಬರನ್ನು ಪಕ್ಕದ ಮನೆ ಹುಡುಗಿ ಓದಿ ಹೇಳಿದ್ದಳಂತೆ. "ನಾ ಹೇಳಿದ್ದು ಅಳಿಸಿಬಿಡವ್ವ."

ಹೆಸರು ಮತ್ತು ಸಂಕೇತ ಸಂಖ್ಯೆ ಜೋಡಿಸಿದ್ದ ರಿಜಿಸ್ಟರು ಕಚೇರಿಯ ಬೀರುವಿನಲ್ಲಿತ್ತು. ನನ್ನ ಕಂಪ್ಯೂಟರಿನಲ್ಲಿದ್ದ ಪಟ್ಟಿಯಲ್ಲಿ ಹೆಸರೂ ಇಲ್ಲ, ಫೋನೂ ಇಲ್ಲ. ಆದರೂ ಒಂದೇ ನಿಮಿಷಕ್ಕೆ ಆಕೆಯ ಸಾಲು ಸಿಕ್ಕಿಬಿಟ್ಟಿತು! ಹಳ್ಳಿಯ ಹೆಸರು, 52 ವರ್ಷ, ವಿಧವೆ, ಬಳೆ ವ್ಯಾಪಾರ. (ಈ ವಿವರಗಳನ್ನು ಬದಲಿಸಿಯೇ ಹೇಳುತ್ತಿದ್ದೇನೆ.) ಅಂಥವರು ಆ ಊರಲ್ಲಿ ಒಬ್ಬರೇ. ನನಗೆ ಸಿಕ್ಕವರು ಆ ಊರಿನ ಯಾರಿಗಾದರೂ ಸಿಗುತ್ತಾರೆ. ಮೈ ನಡುಗಿತು.

ಆ ಸಾಲನ್ನು ಅಳಿಸಿದೆ. ಮೂಲ ಪ್ರಶ್ನಾವಳಿಯನ್ನೂ ತೆಗೆಸಿದೆ. ಆಮೇಲೆ ಮಾರ್ಗದರ್ಶಕರು ಇಡೀ ಪಟ್ಟಿ ತಿದ್ದಿಸಿದರು. ಹಳ್ಳಿಯ ಬದಲು ತಾಲ್ಲೂಕು, ವಯಸ್ಸಿನ ಬದಲು 50ರಿಂದ 59 ಎಂಬ ಗುಂಪು, ಬಳೆ ವ್ಯಾಪಾರದ ಬದಲು ಸಣ್ಣ ವ್ಯಾಪಾರ. ಒಂದೇ ಬಗೆಯ ವಿವರವಿರುವವರು ಐದು ಜನಕ್ಕಿಂತ ಕಡಿಮೆ ಇದ್ದಲ್ಲೆಲ್ಲ ಗುಂಪನ್ನು ಇನ್ನೂ ಹಿಗ್ಗಿಸಿದೆವು. ಯಾವ ಕಸುಬಿನವರು ಎಷ್ಟು ಸಾಲ ಮಾಡುತ್ತಾರೆ ಎಂಬ ಸೂಕ್ಷ್ಮ ಅದರಲ್ಲಿ ಕಳೆದುಹೋಯಿತು. ಹೋಗಲಿ ಅಂದರು.

ಅಳಿಸಿದ್ದೇನೆ ಎಂದು ಫೋನಿನಲ್ಲಿ ತಿಳಿಸಿದೆ. ನಾನು ಕಾರಣ ಕೇಳಲಿಲ್ಲ.

"ನನ್ ಹತ್ರ ಇರೋ ಕಾಗದ?" ಎಂದರು.

"ನಿಮ್ಮದೇ ಅಮ್ಮ, ಇಟ್ಕೊಳ್ಳಿ."

"ಅದ್ರ ಮೇಲೆ ಸಾಲ ಅಂತ ಬರ್ದೈತಂತಲ್ಲ. ಮೈದುನನ ಕಣ್ಣಿಗೆ ಬಿದ್ರೆ?"

ಸ್ವಲ್ಪ ಹೊತ್ತು ನನಗೆ ಮಾತೇ ಹೊರಡಲಿಲ್ಲ. ಆಕೆಯೇ ಹೇಳಿದರು: "ಒಲೆಗೆ ಹಾಕ್ತೀನಿ ಬಿಡವ್ವ."