ತುಂಬಿದ್ದು ಬೇರೆ, ತಲುಪಿದ್ದು ಬೇರೆ

ಸರಕಾರಿ ಜಾಲತಾಣಗಳಲ್ಲಿ ಅರ್ಜಿ ತುಂಬುವವರಿಂದ ಮತ್ತೆ ಮತ್ತೆ ಕೇಳಿಬರುವ ಒಂದು ದೂರಿದೆ. ಎಲ್ಲವನ್ನೂ ತುಂಬಿಯಾಗಿತ್ತು, ಕೊನೆಗೆ ಗುಂಡಿ ಒತ್ತಿದಾಗ ಪುನಃ ಲಾಗಿನ್ ಪುಟವೇ ಬಂತು, ತುಂಬಿದ್ದೆಲ್ಲ ಹೋಯಿತು ಎಂಬುದೇ ಆ ದೂರು. ಕೆಲವರು ಇದಕ್ಕೆ ನೆಟ್‌ವರ್ಕನ್ನು ಬೈಯುತ್ತಾರೆ. ಇನ್ನು ಕೆಲವರು ತಮ್ಮ ಅದೃಷ್ಟವನ್ನು ಹಳಿದುಕೊಳ್ಳುತ್ತಾರೆ. ವಿದ್ಯಾರ್ಥಿವೇತನದ ದಿನಗಳಲ್ಲಿ ಮೊಹಲ್ಲಾದ ಮಕ್ಕಳಿಗೆ ಅರ್ಜಿ ತುಂಬಲು ನೆರವಾಗುತ್ತಾ ಕೆಲವು ವರ್ಷಗಳನ್ನು ಕಳೆದಿರುವ ನನಗೆ ಇವೆರಡೂ ಬಹಳ ಮಟ್ಟಿಗೆ ತಪ್ಪು ಊಹೆಗಳೆಂದು ಅನಿಸಿದೆ. ಕಾರಣ ಹೆಚ್ಚಾಗಿ ಬೇರೆಯೇ ಇರುತ್ತದೆ. ಅದನ್ನು ತಿಳಿದುಕೊಂಡರೆ ನಷ್ಟದ ಬಹುಪಾಲನ್ನು ತಪ್ಪಿಸಿಕೊಳ್ಳಬಹುದು.

ಕಳೆದ ಸಾಲಿನಲ್ಲಿ ಪದವಿಯ ಪ್ರಥಮ ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ತಾಯಿಯೊಂದಿಗೆ ಬಂದಿದ್ದಳು. ತಂದೆ ತೀರಿಕೊಂಡಿದ್ದರು. ಅವಳ ಆ ವರ್ಷದ ಕಾಲೇಜು ಶುಲ್ಕ ಈ ಒಂದು ಅರ್ಜಿಯನ್ನೇ ನಂಬಿಕೊಂಡಿತ್ತು. ಅದಾಗಲೇ ಮನೆಯಲ್ಲಿ ಎರಡು ಬಾರಿ ತುಂಬಿ, ಎರಡು ಬಾರಿಯೂ ಎಲ್ಲವನ್ನೂ ಕಳೆದುಕೊಂಡಿದ್ದಳು. "ಅವಳು ಟೈಪ್ ಮಾಡುತ್ತಲೇ ಇದ್ದಳು ಮಾಸ್ಟ್ರೇ, ಒಂದು ನಿಮಿಷವೂ ಸುಮ್ಮನೆ ಕೂತಿಲ್ಲ. ಆದರೂ 'ನೀವು ಬಹಳ ಹೊತ್ತು ಏನೂ ಮಾಡಲಿಲ್ಲ' ಎಂದು ಅದು ಹೇಳುತ್ತದಲ್ಲ!" ಎಂದು ತಾಯಿ ಬೇಸರಿಸಿಕೊಂಡರು. ಆ ತಾಯಿಯ ಮಾತಿನಲ್ಲಿ ಸುಳ್ಳಿರಲಿಲ್ಲ. ಜಾಲತಾಣ ಹೇಳಿದ್ದರಲ್ಲಿಯೂ ಸುಳ್ಳಿರಲಿಲ್ಲ. ಇವೆರಡೂ ಏಕಕಾಲಕ್ಕೆ ಹೇಗೆ ನಿಜವಾಗುತ್ತವೆ ಎಂಬಲ್ಲಿಯೇ ಇಡೀ ಸಮಸ್ಯೆಯ ಬೇರು ಇದೆ.

ನಾವು ಲಾಗಿನ್ ಆದಾಗ ಆ ಇಲಾಖೆಯ ಸರ್ವರ್ ನಮಗೆ ಒಂದು ಗುರುತು ಚೀಟಿಯನ್ನು ಕೊಡುತ್ತದೆ. ಅದನ್ನು ಬ್ರೌಸರ್ ತನ್ನ ಬಳಿ ಇಟ್ಟುಕೊಂಡು, ಪ್ರತಿ ಬಾರಿ ಸರ್ವರನ್ನು ಸಂಪರ್ಕಿಸುವಾಗಲೂ ತೋರಿಸುತ್ತದೆ. ಈ ಚೀಟಿಗೆ ಒಂದು ಅವಧಿಯಿದೆ. ಕೊನೆಯ ಸಂಪರ್ಕದ ನಂತರ ಇಂತಿಷ್ಟು ನಿಮಿಷಗಳ ಕಾಲ ಮತ್ತೆ ಸಂಪರ್ಕವಾಗದಿದ್ದರೆ ಸರ್ವರ್ ಆ ಚೀಟಿಯನ್ನು ರದ್ದು ಮಾಡುತ್ತದೆ. ಜಾಲತಾಣಗಳನ್ನು ಕಟ್ಟಲು ಬಳಸುವ ತಂತ್ರಾಂಶಗಳಲ್ಲಿ ಈ ಅವಧಿ ಮೊದಲೇ ನಿಗದಿಯಾಗಿರುತ್ತದೆ. ಎಎಸ್‌ಪಿ ಡಾಟ್ ನೆಟ್‌ನಲ್ಲಿ 20 ನಿಮಿಷ, ಟಾಮ್‌ಕ್ಯಾಟ್‌ನಲ್ಲಿ 30 ನಿಮಿಷ. ಆಯಾ ಜಾಲತಾಣದವರು ಇದನ್ನು ಹೆಚ್ಚಿಸಲೂಬಹುದು, 10 ಅಥವಾ 5 ನಿಮಿಷಕ್ಕೆ ಇಳಿಸಲೂಬಹುದು.

ಈ ಏರ್ಪಾಡು ಅನ್ಯಾಯದ್ದೇನಲ್ಲ. ಸೈಬರ್ ಸೆಂಟರ್‌ನ ಕಂಪ್ಯೂಟರಿನಲ್ಲಿ ಒಬ್ಬರು ಲಾಗೌಟ್ ಆಗದೆ ಎದ್ದುಹೋದರೆ, ಅವರ ಆಧಾರ್, ಬ್ಯಾಂಕ್ ಖಾತೆ, ಆದಾಯದ ವಿವರಗಳು ಮುಂದೆ ಬಂದು ಕೂರುವವರ ಕೈಗೆ ಸಿಗಬಾರದಲ್ಲವೇ? ಆದರೆ ಇದರಲ್ಲಿ ನಾವು ಗಮನಿಸದ ಒಂದು ಅಂಶವಿದೆ. ನಾವು ಅಕ್ಷರಗಳನ್ನು ಒತ್ತುತ್ತಿರುವುದು ಸರ್ವರ್‌ಗೆ ಕಾಣುವುದಿಲ್ಲ. ಸಾಮಾನ್ಯವಾಗಿ ಟೈಪ್ ಮಾಡಿದ್ದೆಲ್ಲವೂ ನಮ್ಮ ಬ್ರೌಸರಿನ ಪುಟದ ಮೇಲೆ ಮಾತ್ರ ಇರುತ್ತದೆ. 'Save and Continue' ಎಂಬ ಗುಂಡಿಯನ್ನು ಒತ್ತಿದಾಗಲಷ್ಟೇ ಅದು ಇಲಾಖೆಯ ಕಡೆಗೆ ಹೊರಡುತ್ತದೆ. ಅರ್ಧ ಗಂಟೆ ಬಿಡದೆ ಟೈಪ್ ಮಾಡಿದರೂ ಸರ್ವರಿನ ದೃಷ್ಟಿಯಲ್ಲಿ ಅದು ಅರ್ಧ ಗಂಟೆಯ ಮೌನವೇ ಸರಿ. ತುಂಬಿದ್ದು ಬೇರೆ, ತಲುಪಿದ್ದು ಬೇರೆ.

ಆ ಹುಡುಗಿ ಹೇಳಿದ ವಿವರಗಳನ್ನು ಜೋಡಿಸಿ ನೋಡಿದೆವು. ಅವಳು ಲಾಗಿನ್ ಆದದ್ದು ಸಂಜೆ 7 ಗಂಟೆ 10 ನಿಮಿಷಕ್ಕೆ. ಮೊದಲ ಪುಟವನ್ನು ಉಳಿಸಿದ್ದು 7:16ಕ್ಕೆ. ಸರ್ವರಿನ ಗಡಿಯಾರ ಆಗ ಹೊಸದಾಗಿ ಶುರುವಾಯಿತು. ಎರಡನೆಯ ಪುಟದಲ್ಲಿ ಆದಾಯ ಪ್ರಮಾಣಪತ್ರದ RD ಸಂಖ್ಯೆ ಬೇಕಾಯಿತು. ಪ್ರಮಾಣಪತ್ರ ಕಪಾಟಿನೊಳಗಿತ್ತು, ಹುಡುಕಲು ಹತ್ತು ನಿಮಿಷ ಹಿಡಿಯಿತು. ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತ ಪಾಸ್‌ಬುಕ್ಕಿನಲ್ಲಿ ಮಸುಕಾಗಿದ್ದರಿಂದ ಚಿಕ್ಕಪ್ಪನಿಗೆ ಫೋನ್ ಮಾಡಬೇಕಾಯಿತು. ಎಲ್ಲ ಮುಗಿಸಿ ಗುಂಡಿ ಒತ್ತುವಾಗ 7:42. ನಡುವಿನ 26 ನಿಮಿಷಗಳಲ್ಲಿ ಸರ್ವರಿಗೆ ಅವಳಿಂದ ಒಂದು ಸುದ್ದಿಯೂ ಹೋಗಿರಲಿಲ್ಲ. ಚೀಟಿ ಎಂದೋ ರದ್ದಾಗಿತ್ತು. ಎರಡನೆಯ ಬಾರಿಯೂ ನಡೆದದ್ದು ಇದೇ. ಈ ಸಲ ವಿಳಂಬವಾದದ್ದು ಅಂಕಪಟ್ಟಿಯ ಚಿತ್ರವನ್ನು ನಿಗದಿತ ಗಾತ್ರಕ್ಕೆ ಇಳಿಸುವಾಗ.

ಹೀಗಿರುವಾಗ ಮೊದಲ ರಕ್ಷಣೆ ಲಾಗಿನ್ ಆಗುವುದಕ್ಕೆ ಮುಂಚೆಯೇ ನಡೆಯಬೇಕಾದ ಕೆಲಸ. ನಾವು ಒಂದು ಕಾಗದದಲ್ಲಿ ಆಧಾರ್ ಸಂಖ್ಯೆ, ಕಾಲೇಜಿನ ನೋಂದಣಿ ಸಂಖ್ಯೆ, RD ಸಂಖ್ಯೆ, ಖಾತೆ ಸಂಖ್ಯೆ, 11 ಅಕ್ಷರಗಳ ಐಎಫ್‌ಎಸ್‌ಸಿ ಸಂಕೇತ ಇವೆಲ್ಲವನ್ನೂ ಬರೆದುಕೊಂಡೆವು. ಅಪ್‌ಲೋಡ್ ಮಾಡಬೇಕಾದ ದಾಖಲೆಗಳನ್ನು ಗಾತ್ರ ಇಳಿಸಿ, ಗುರುತು ಸಿಗುವಂತೆ ಹೆಸರಿಟ್ಟು, ಒಂದೇ ಫೋಲ್ಡರಿನಲ್ಲಿ ಇಟ್ಟೆವು. ದೀರ್ಘವಾಗಿ ಬರೆಯಬೇಕಾದುದನ್ನು ನೋಟ್‌ಪ್ಯಾಡಿನಲ್ಲಿ ಬರೆದು, ಅಲ್ಲಿಂದ ಅರ್ಜಿಗೆ ನಕಲಿಸಿಕೊಳ್ಳುವುದು ಒಳ್ಳೆಯದು. ಮೊಬೈಲಿನಲ್ಲಿ ತುಂಬುವವರಿಗಂತೂ ಈ ಪೂರ್ವತಯಾರಿ ಇನ್ನೂ ಅಗತ್ಯ. ಅರ್ಜಿಯ ನಡುವೆ ಫೋಟೋ ತೆಗೆಯಲೆಂದು ಕ್ಯಾಮೆರಾ ತೆರೆದರೆ, ಮೆಮೊರಿ ಕಡಿಮೆಯಿರುವ ಫೋನು ಹಿಂದಿನ ಪುಟವನ್ನು ಕೈಬಿಡುತ್ತದೆ. ಮರಳಿ ಬಂದಾಗ ಪುಟ ಹೊಸದಾಗಿ ತೆರೆದುಕೊಂಡು ಖಾಲಿಯಾಗಿರುತ್ತದೆ.

ಎರಡನೆಯದು, ಜಾಲತಾಣ ನಿಜವಾಗಿಯೂ ಉಳಿಸಿಕೊಳ್ಳುತ್ತದೆಯೇ ಎಂಬ ಪರೀಕ್ಷೆ. ಮೊದಲ ಪುಟ ಉಳಿಸಿದ ಕೂಡಲೇ ಲಾಗೌಟ್ ಆಗಿ ಪುನಃ ಒಳಗೆ ಹೋಗಿ ನೋಡಬೇಕು. ತುಂಬಿದ್ದು ಅಲ್ಲಿಯೇ ಇದ್ದರೆ ಅದು ದತ್ತಾಂಶ ಸಂಗ್ರಹವನ್ನು ಸೇರಿದೆ ಎಂದರ್ಥ. ಇನ್ನು ಪುಟದಿಂದ ಪುಟಕ್ಕೆ ನಿಶ್ಚಿಂತೆಯಿಂದ ಹೋಗಬಹುದು. ಅಲ್ಲಿ ಏನೂ ಇಲ್ಲದಿದ್ದರೆ ಆ ಜಾಲತಾಣ ಎಲ್ಲವನ್ನೂ ಕೊನೆಯ ಸಲ್ಲಿಕೆಯವರೆಗೆ ತಾತ್ಕಾಲಿಕವಾಗಿ ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಅಂಥಲ್ಲಿ ಒಂದೇ ಕೂರಿಗೆಯಲ್ಲಿ ಮುಗಿಸುವುದಲ್ಲದೆ ಬೇರೆ ದಾರಿಯಿಲ್ಲ. ಎರಡು ನಿಮಿಷದ ಈ ಪರೀಕ್ಷೆ ಎರಡು ಗಂಟೆಯ ಶ್ರಮವನ್ನು ಉಳಿಸಬಲ್ಲದು.

ಇಷ್ಟಾದರೂ ಲಾಗಿನ್ ಪುಟ ಎದುರಾದರೆ ಏನು ಮಾಡಬೇಕು? ಹಿಂದಿನ ಪುಟಕ್ಕೆ ಮರಳುವ ಗುಂಡಿಯನ್ನು ಒಮ್ಮೆ ಒತ್ತಿನೋಡಬಹುದು. ಕೆಲವೊಮ್ಮೆ ತುಂಬಿದ ಪುಟ ಹಾಗೆಯೇ ಕಾಣಿಸಿಕೊಳ್ಳುತ್ತದೆ. ಆದರೆ ಅಲ್ಲಿಂದ ಮತ್ತೆ ಸಲ್ಲಿಸಿ ಪ್ರಯೋಜನವಿಲ್ಲ, ಏಕೆಂದರೆ ಅದು ಹಳೆಯ ಚೀಟಿಗೆ ಸೇರಿದ ಪುಟ. ಅಲ್ಲಿರುವುದನ್ನು ನೋಟ್‌ಪ್ಯಾಡಿಗೆ ನಕಲಿಸಿಕೊಂಡು ಹೊಸದಾಗಿ ಲಾಗಿನ್ ಆಗಬೇಕು.

ಸಮಯ ಮುಗಿಯುವುದಕ್ಕಿಂತಲೂ ಅಪಾಯಕಾರಿಯಾದ ಇನ್ನೊಂದು ಸಂಗತಿಯಿದೆ. ಅದು ಕಣ್ಣಿಗೆ ಕಾಣುವುದೇ ಇಲ್ಲ. ಅಣ್ಣನ ಅರ್ಜಿ ಒಂದು ಟ್ಯಾಬಿನಲ್ಲಿ, ತಂಗಿಯದು ಪಕ್ಕದ ಟ್ಯಾಬಿನಲ್ಲಿ ತೆರೆದು, ಎರಡನ್ನೂ ಒಟ್ಟಿಗೆ ಮುಗಿಸೋಣವೆಂದು ಹಲವರು ಯೋಚಿಸುತ್ತಾರೆ. ಆದರೆ ಗುರುತು ಚೀಟಿ ಟ್ಯಾಬಿಗೊಂದರಂತೆ ಇರುವುದಿಲ್ಲ. ಸಾಮಾನ್ಯವಾಗಿ ಒಂದು ಜಾಲತಾಣಕ್ಕೆ ಒಂದು ಬ್ರೌಸರಿನಲ್ಲಿ ಒಂದೇ ಚೀಟಿ. ತಂಗಿಯ ಹೆಸರಿನಲ್ಲಿ ಲಾಗಿನ್ ಆದ ಕ್ಷಣದಲ್ಲಿ ಅಣ್ಣನ ಚೀಟಿಯ ಜಾಗದಲ್ಲಿ ತಂಗಿಯ ಚೀಟಿ ಬಂದು ಕೂರುತ್ತದೆ. ಮೊದಲ ಟ್ಯಾಬಿನಲ್ಲಿ ಅಣ್ಣನ ಹೆಸರು ಕಾಣುತ್ತಲೇ ಇರುತ್ತದೆ. ಆದರೆ ಅಲ್ಲಿ ಉಳಿಸುವ ಗುಂಡಿ ಒತ್ತಿದರೆ, ಜಾಲತಾಣ ಎಚ್ಚರಿಕೆಯಿಂದ ಕಟ್ಟಿದ್ದಲ್ಲದಿದ್ದರೆ, ಅಣ್ಣನ ಬ್ಯಾಂಕ್ ಖಾತೆ ತಂಗಿಯ ಅರ್ಜಿಯೊಳಗೆ ಹೋಗಿ ಕೂರಬಹುದು. ಆದ್ದರಿಂದ ಒಬ್ಬರದ್ದು ಮುಗಿಸಿ, ಲಾಗೌಟ್ ಆಗಿ, ನಂತರವೇ ಇನ್ನೊಬ್ಬರದ್ದನ್ನು ಆರಂಭಿಸಬೇಕು. ತುರ್ತಿದ್ದರೆ ಬೇರೊಂದು ಬ್ರೌಸರನ್ನೇ ಬಳಸಬೇಕು. ಸಲ್ಲಿಸುವ ಮುನ್ನ ಖಾತೆ ಸಂಖ್ಯೆಯನ್ನು ಕಾಗದದೊಂದಿಗೆ ಅಂಕಿ ಅಂಕಿಯಾಗಿ ಹೋಲಿಸಿ ನೋಡುವುದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಇನ್ನುಳಿದದ್ದು ಕೊನೆಯ ದಿನದ ರಾತ್ರಿ. ಸಾವಿರಾರು ಮಂದಿ ಒಂದೇ ಹೊತ್ತಿಗೆ ಗುಂಡಿ ಒತ್ತುವಾಗ ಪರದೆಯ ಮೇಲೆ '504 Gateway Time-out' ಎಂಬ ಬರಹ ಮೂಡುವುದುಂಟು. ಸಲ್ಲಿಕೆ ವಿಫಲವಾಯಿತೆಂದೇ ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ಅದರ ಅರ್ಥ ಅಷ್ಟಲ್ಲ. ಬಾಗಿಲಲ್ಲಿ ನಿಂತ ಸರ್ವರ್ ನಮ್ಮ ಅರ್ಜಿಯನ್ನು ಒಳಗಿನ ಸರ್ವರಿಗೆ ಕೊಟ್ಟಿದೆ, ಉತ್ತರಕ್ಕಾಗಿ ಕಾದು ಕಾದು ಸೋತು ನಮಗೆ ಹಾಗೆ ಹೇಳಿದೆ. ಒಳಗೆ ಅರ್ಜಿ ದಾಖಲಾಗಿರಲೂಬಹುದು, ಆಗದೇ ಇರಲೂಬಹುದು. ಆದ್ದರಿಂದ ಪುಟವನ್ನು ಮರುಲೋಡ್ ಮಾಡಬಾರದು. ಬ್ರೌಸರ್ 'Confirm Form Resubmission' ಎಂದು ಕೇಳಿದರೆ ಒಪ್ಪಬಾರದು. ಶುಲ್ಕವಿರುವ ಅರ್ಜಿಯಾದರೆ ಹಣ ಎರಡು ಬಾರಿ ಹೋಗುವ ಸಾಧ್ಯತೆಯಿದೆ. ಪರದೆಯ ಚಿತ್ರವನ್ನು ಸಮಯ ಕಾಣುವಂತೆ ತೆಗೆದಿಟ್ಟುಕೊಂಡು, ಕೆಲ ನಿಮಿಷ ಬಿಟ್ಟು ಹೊಸದಾಗಿ ಲಾಗಿನ್ ಆಗಿ, ಅರ್ಜಿಯ ಸ್ಥಿತಿ ಏನಿದೆಯೆಂದು ಮೊದಲು ನೋಡಬೇಕು. ಹಣ ಕಡಿತವಾಗಿದ್ದರೆ ಬ್ಯಾಂಕಿನ ಸಂದೇಶದಲ್ಲಿರುವ ವಹಿವಾಟಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.

ಆ ವಿದ್ಯಾರ್ಥಿನಿಯ ಅರ್ಜಿ ಮೂರನೆಯ ಪ್ರಯತ್ನದಲ್ಲಿ 19 ನಿಮಿಷಗಳಲ್ಲಿ ಮುಗಿಯಿತು. ಯಾವ ಪುಟವೂ ಆರು ನಿಮಿಷಕ್ಕಿಂತ ಹೆಚ್ಚು ಹೊತ್ತು ಉಳಿಸದೆ ನಿಲ್ಲಲಿಲ್ಲ. ಕೊನೆಯ ದಿನಾಂಕಕ್ಕೆ ಇನ್ನೂ ಒಂಬತ್ತು ದಿನಗಳಿದ್ದುದರಿಂದ ಸರ್ವರಿನ ಮೇಲೆ ಒತ್ತಡವೂ ಇರಲಿಲ್ಲ.

ಕೊನೆಯದಾಗಿ ಒಂದು ವ್ಯತ್ಯಾಸವನ್ನು ಓದುಗರು ಮರೆಯಬಾರದು. ಉಳಿಸಿದ ಕರಡು ಅರ್ಜಿಯಲ್ಲ. ತಾತ್ಕಾಲಿಕ ಸಂಖ್ಯೆ ಬಂದ ಮಾತ್ರಕ್ಕೆ ಸಲ್ಲಿಕೆ ಆಗಿದೆಯೆಂದು ನಂಬಿ, ಅಂತಿಮ ಸಲ್ಲಿಕೆಯ ಗುಂಡಿಯನ್ನು ಒತ್ತದೆ ಉಳಿದು, ದಿನಾಂಕ ಮುಗಿದ ನಂತರ ವಿಚಾರಿಸಲು ಬರುವ ಮಕ್ಕಳನ್ನು ಪ್ರತಿ ವರ್ಷ ಕಾಣುತ್ತೇನೆ. ಅವರು ಬರೆದ ಒಂದಕ್ಷರವೂ ಕಳೆದುಹೋಗಿರುವುದಿಲ್ಲ, ಎಲ್ಲವೂ ಜಾಲತಾಣದಲ್ಲಿ ಭದ್ರವಾಗಿಯೇ ಇರುತ್ತದೆ. ಆದರೆ ಅದನ್ನು ಪರಿಶೀಲಿಸಲು ಕಾಲೇಜಿಗಾಗಲಿ ಇಲಾಖೆಗಾಗಲಿ ಅದು ಹೋಗಿಯೇ ಇರುವುದಿಲ್ಲ. ಹೊಸದಾಗಿ ಲಾಗಿನ್ ಆದಾಗಲೂ ಅಂತಿಮ ಅರ್ಜಿ ಸಂಖ್ಯೆ ಕಾಣಿಸಿ, ಸ್ವೀಕೃತಿ ಪತ್ರದ ಮುದ್ರಿತ ಪ್ರತಿ ಕೈಗೆ ಬಂದ ಮೇಲೆಯೇ ಅರ್ಜಿ ತಲುಪಿತೆಂದು ತಿಳಿಯಬೇಕು.