ಕೊರಳಿನ ಭಾರ, ಹೆಗಲಿನ ಆಸರೆ

ಮುಂಬಯಿಯ ಉಪನಗರವೊಂದರ ಓಣಿಯಲ್ಲಿ ನಾವು ಗಂಡಹೆಂಡಿರು ಸಮವಸ್ತ್ರ ಹೊಲಿದು ಬದುಕು ಕಟ್ಟಿಕೊಂಡವರು. ಬಟ್ಟೆಯೊಂದು ಮೇಜಿನ ಮೇಲೆ ಸರಿಯಾಗಿ ಕೂತರೆ ಮೈಮೇಲೂ ಕೂರುತ್ತದೆ ಎಂಬ ನಮ್ಮ ನಂಬಿಕೆಯನ್ನು ಕೆಡವಿದ್ದು ಅಂಗೈಯಗಲದ ಒಂದು ಗುರುತಿನ ಚೀಟಿ.

ಆಸ್ಪತ್ರೆಯೊಂದು ತನ್ನ ದಾದಿಯರ ಮೇಲಂಗಿಯನ್ನು ಬದಲಿಸಬೇಕೆಂದಿತು. ಹಳೆಯದಕ್ಕೆ ಕಾಲರು, ಮುಂದೆ ಗುಂಡಿಸಾಲು, ಎಡ ಎದೆಯ ಮೇಲೆ ಕಿಸೆ ಇದ್ದವು. ಹೊಸದಕ್ಕೆ ವಿ ಆಕಾರದ ಕೊರಳು, ತುಸು ಹಿಗ್ಗುವ ಬಟ್ಟೆ, ಸೊಂಟದ ಬಳಿ ಎರಡು ಕಿಸೆ. ನಾವು 60 ಮೇಲಂಗಿಗಳನ್ನು ಹೊಲಿದು ಒಪ್ಪಿಸಿದೆವು. ಕಾಲರನ್ನು ತೆಗೆದಾಗ ಲ್ಯಾನ್ಯಾರ್ಡಿನ ಹಾದಿಯನ್ನೂ, ಕಿಸೆಯನ್ನು ತೆಗೆದಾಗ ಚೀಟಿಯ ಮನೆಯನ್ನೂ ತೆಗೆದುಹಾಕಿದ್ದೆವೆಂಬುದು ನಮಗೆ ಹೊಳೆದೇ ಇರಲಿಲ್ಲ.

ಹತ್ತು ದಿನಗಳಲ್ಲೇ ಹಿರಿಯ ದಾದಿ ನಮ್ಮನ್ನು ಕರೆಸಿದರು. ಅವರು ಕುಂದಾಪುರದ ಕಡೆಯವರು. ನಮ್ಮ ಮಾತು ಕೇಳಿ ಕನ್ನಡಕ್ಕೆ ತಿರುಗಿದರು. “ಅಣ್ಣಾ, ನಮಗೆ ಕೆಲಸಕ್ಕೆ ಒಂದೇ ಕೈ ಉಳಿಸಿದ್ದೀರಿ” ಎಂದರು. ಬಾಗಿ ತೋರಿಸಿದಾಗ ಅರ್ಥವಾಯಿತು. ಲ್ಯಾನ್ಯಾರ್ಡಿನ ತುದಿಯ ಚೀಟಿ ತೂಗಾಡಿ ರೋಗಿಯ ಮೇಲೆ ಬೀಳುತ್ತದೆಂದು ದಾದಿಯರು ಅದನ್ನು ಕೊರಳಿನ ಅಂಚಿಗೇ ಕ್ಲಿಪ್ಪಿನಿಂದ ಸಿಕ್ಕಿಸಿಕೊಂಡಿದ್ದರು. ಆ ಭಾರಕ್ಕೆ ಅಂಚು ಜೋತು, ಬಾಗಿದೊಡನೆ ಬಾಯಿ ತೆರೆಯುತ್ತಿತ್ತು. ಹಾಗಾಗಿ ಎಲ್ಲರೂ ಒಂದು ಕೈಯನ್ನು ಎದೆಗೊತ್ತಿಕೊಂಡೇ ಬಾಗುತ್ತಿದ್ದರು. ಇತ್ತ ಪಿನ್ನಿನ ಹೆಸರಪಟ್ಟಿ ತೆಳು ಬಟ್ಟೆಯಲ್ಲಿ ಮುಂದಕ್ಕೆ ವಾಲಿ, ನೆಲಕ್ಕೆ ಹೆಸರು ಹೇಳುತ್ತಿತ್ತು.

ಅಂಗಡಿಗೆ ಮರಳಿ ನಾವು ಮೊದಲು ಮಾಡಿದ್ದು ತಪ್ಪು ಮದ್ದು. ಪಟ್ಟಿಯ ಹಿಂದೆ ಇಸ್ತ್ರಿಯಿಂದ ಅಂಟುವ ಕ್ಯಾನ್ವಾಸಿನ ತುಂಡನ್ನು ಕೂರಿಸಿದೆವು. ಆಸ್ಪತ್ರೆಯ ಬಟ್ಟೆಗೆ ಬಿಸಿನೀರಿನ ಒಗೆತ. ಕೆಲವೇ ಒಗೆತಗಳಲ್ಲಿ ಅಂಟು ಬಿಟ್ಟು ಮೇಲ್ಬಟ್ಟೆ ಗುಳ್ಳೆಯೆದ್ದಿತು. ಅಂಟು ಬಿಡದಿದ್ದರೂ ಪ್ರಯೋಜನ ಕಡಿಮೆಯೇ. ಬಟ್ಟೆ ಗಟ್ಟಿಯಾಯಿತೇ ಹೊರತು ಭಾರ ಹೊರುವವರು ಯಾರೆಂಬ ಪ್ರಶ್ನೆ ಹಾಗೇ ಇತ್ತು.

ಉತ್ತರ ಹೆಗಲಿನಲ್ಲಿತ್ತು. ಹಿಗ್ಗದ, ಮೊದಲೇ ನೀರಿಗೆ ಹಾಕಿ ಕುಗ್ಗಿಸಿದ ಬಟ್ಟೆಯಿಂದ ಎರಡು ಒಳಪಟ್ಟಿಗಳನ್ನು ಕತ್ತರಿಸಿದೆವು. ಪ್ರತಿಯೊಂದರ ಮೇಲಂಚನ್ನು ಹೆಗಲಿನ ಹೊಲಿಗೆಯೊಳಗೆ, ಪಕ್ಕದಂಚನ್ನು ಕೊರಳಿನ ಒಳಮಡಿಕೆಯೊಳಗೆ ಸೇರಿಸಿ, ಕೆಳತುದಿಯನ್ನು ಬಿಡಿಯಾಗಿ ಬಿಟ್ಟೆವು. ಬಲಗಡೆ ಹೆಸರಪಟ್ಟಿಯ ಪಿನ್ನು ಎರಡೂ ಪದರಗಳನ್ನು ಚುಚ್ಚಿ ನಿಲ್ಲುತ್ತದೆ. ಎಡಗಡೆ ಅಡ್ಡಲಾಗಿ ಒಂದೂವರೆ ಸೆಂಟಿಮೀಟರ್ ಅಗಲದ ಸಣ್ಣ ಕುಣಿಕೆಯನ್ನು ಹೊಲಿದು, ಎರಡು ತುದಿಗಳಿಗೂ ದಟ್ಟ ಹೊಲಿಗೆ ಹಾಕಿದೆವು. ಚೀಟಿಯ ಕ್ಲಿಪ್ಪು ಅದನ್ನು ಕಚ್ಚುತ್ತದೆ. 85.6 ಮಿಲಿಮೀಟರ್ ಉದ್ದದ ಚೀಟಿ ಈಗ ತನ್ನುದ್ದಕ್ಕಷ್ಟೇ ತೂಗಬಲ್ಲದು, ಲ್ಯಾನ್ಯಾರ್ಡಿನುದ್ದಕ್ಕಲ್ಲ.

ಜಾಗವನ್ನು ಗುರುತಿಸಲು ಮೇಜನ್ನು ಬಿಟ್ಟು ಮೈಯನ್ನೇ ನಂಬಿದೆವು. ಹೆಗಲಿನ ಹೊಲಿಗೆಗೂ ಎದೆಯ ಉಬ್ಬಿಗೂ ನಡುವೆ ಸಮತಟ್ಟಾದ ಒಂದು ಪಟ್ಟೆಯಿದೆ. ಬಿಲ್ಲೆ ಅಲ್ಲಿದ್ದರೆ ಎದುರಿನವರನ್ನು ನೋಡುತ್ತದೆ, ಉಬ್ಬಿನ ಇಳಿಜಾರಿಗೆ ಜಾರಿದರೆ ನೆಲವನ್ನು. ಒಂದು ಅಳತೆಯ ಗುರುತನ್ನೇ ದೊಡ್ಡ ಅಳತೆಗಳಿಗೂ ಎಳೆದರೆ ತಪ್ಪುತ್ತದೆ. ಪ್ರತಿ ಅಳತೆಯ ಒಬ್ಬರಿಗೆ ತೊಡಿಸಿ, ಮೊಣಕಾಲಿಗೆ ಕೈಯೂರಿ ಬಾಗಿಸಿ ನೋಡಬೇಕು. ಪಿನ್ನಿನಿಂದ ಕೊರಳಿನತ್ತ ಓರೆ ಸುಕ್ಕು ಹರಿದರೆ, ಭಾರ ಇನ್ನೂ ಬಟ್ಟೆಯ ಮೇಲೆಯೇ ಇದೆ ಎಂದರ್ಥ.

ಸ್ವಾಗತದ ಮೇಜಿನವರಿಗೆ ಲ್ಯಾನ್ಯಾರ್ಡ್ ಉಳಿಯಿತು. ಅದು ಕೊರಳಿನಿಂದ ಜಾರದಂತೆ ಹೆಗಲಿನ ಮೇಲೆ ಕುಣಿಕೆ ಕೊಟ್ಟೆವು, ಅಲ್ಲಿಯೂ ಎಡವಿದೆವು. ಯಾರಾದರೂ ಹಿಡಿದೆಳೆದರೆ ಕಳಚಿಕೊಳ್ಳಲೆಂದು ಲ್ಯಾನ್ಯಾರ್ಡಿಗೆ ಹಿಂಗೊರಳಿನಲ್ಲಿ ಕೊಂಡಿಯಿರುತ್ತದೆ. ನಮ್ಮ ಬಿಗಿ ಕುಣಿಕೆಯಲ್ಲಿ ಕೊಂಡಿ ಕಳಚಿದರೂ ಅದರ ತುದಿಗಳು ಸಿಕ್ಕಿಹಾಕಿಕೊಂಡು ಪಟ್ಟಿ ಹೊರಬರಲಿಲ್ಲ. ಕುಣಿಕೆಯನ್ನು ಕೊಂಡಿಗಿಂತ ಅಗಲಗೊಳಿಸಿದ ಮೇಲೆ ಎಳೆದೊಡನೆ ನುಸುಳಿ ಬಂತು. ಪಿನ್ನು ಬೇಡ, ಅಯಸ್ಕಾಂತದ ಬಿಲ್ಲೆ ತರಿಸೋಣ ಎಂಬ ಸಲಹೆಯನ್ನು ಹಿರಿಯ ದಾದಿಯೇ ತಳ್ಳಿಹಾಕಿದರು: ಪೇಸ್‌ಮೇಕರ್ ಇರುವ ರೋಗಿಗಳ ಮೇಲೆ ಬಾಗುವ ಎದೆಯಲ್ಲಿ ಅದು ಸಲ್ಲದು.

60 ಮೇಲಂಗಿಗಳ ಹೆಗಲನ್ನೂ ಬಿಚ್ಚಿ ಮತ್ತೆ ಹೊಲಿದೆವು. ಕೂಲಿ ಕೇಳಲಿಲ್ಲ; ಮರೆತವರು ನಾವು. ಆ ಕುಣಿಕೆಗೂ ಒಂದು ಮಿತಿಯಿದೆ: ಬೀಗದ ಕೈಗೊಂಚಲನ್ನೂ ಅದಕ್ಕೇ ತೂಗಿಸಿದವರ ಮೇಲಂಗಿ ತಿಂಗಳೊಳಗೆ ರಿಪೇರಿಗೆ ಬಂತು.

ಕೊನೆಯ ಗಂಟನ್ನು ಒಪ್ಪಿಸಲು ಹೋದ ದಿನ ಹಿರಿಯ ದಾದಿ ವಾರ್ಡಿನಲ್ಲಿ ಮುದುಕರೊಬ್ಬರನ್ನು ಎಬ್ಬಿಸಿ ಕೂರಿಸುತ್ತಿದ್ದರು. ನಾವು ಬಾಗಿಲಲ್ಲೇ ನಿಂತು ನೋಡಿದೆವು. ಅವರ ಎರಡೂ ಕೈಗಳು ಮುದುಕರ ಬೆನ್ನಿನ ಹಿಂದೆ ಇದ್ದವು.